ಬೆಳಗಿನ ಒಂಬತ್ತರ ಲೆಕ್ಕ

ಗ್ರಾಹಕರ ದೂರುಗಳಿಗೆ ಉತ್ತರಿಸುವ ವಿಭಾಗಗಳಲ್ಲಿ ಪ್ರತಿಯೊಂದು ದೂರಿಗೂ ‘ಟಿಕೆಟ್’ ಎಂಬ ಹೆಸರುಂಟು. ಎಷ್ಟು ಟಿಕೆಟ್ ಬಾಕಿ ಉಳಿದಿವೆ, ಮೊದಲ ಉತ್ತರಕ್ಕೆ ಸರಾಸರಿ ಎಷ್ಟು ಹೊತ್ತು ಹಿಡಿಯಿತು ಎಂಬ ಎರಡು ಅಂಕಿಗಳು ದಿನವೂ ಬೆಳಿಗ್ಗೆ ತಂಡದ ಚಾಟ್ ಚಾನೆಲ್‌ಗೆ ತಾವಾಗಿಯೇ ಬಂದು ಬೀಳುವ ಏರ್ಪಾಡು ಈಗ ಸಾಮಾನ್ಯ. ಏರ್ಪಾಡು ಸುಲಭ, ಕಷ್ಟವಿರುವುದು ಆ ಎರಡನೆಯ ಅಂಕಿಯಲ್ಲಿ.

ಒಂದು ಉದಾಹರಣೆ ನೋಡಬಹುದು. ಸೋಮವಾರ ಹತ್ತು ಟಿಕೆಟ್ ಬಂದವು. ಎಂಟು ಸುಲಭದವು, ಒಂದೊಂದಕ್ಕೂ ಹದಿನೈದು ನಿಮಿಷದಲ್ಲಿ ಉತ್ತರ ಹೋಯಿತು. ಬೆಳಿಗ್ಗೆ 9ಕ್ಕೂ 11ಕ್ಕೂ ಬಂದ ಎರಡು ಜಟಿಲ ಟಿಕೆಟ್‌ಗಳನ್ನು ಯಾರೂ ಮುಟ್ಟಲಿಲ್ಲ. ಸರಾಸರಿಯ ಲೆಕ್ಕಕ್ಕೆ ಸೇರುವುದು ಉತ್ತರ ಪಡೆದವು ಮಾತ್ರವಾದುದರಿಂದ ಮಂಗಳವಾರದ ಸಂದೇಶ ‘ಸರಾಸರಿ 15 ನಿಮಿಷ’ ಎಂದಿತು. ತಂಡ ಸಂತುಷ್ಟವಾಯಿತು.

ಮಂಗಳವಾರ ಮತ್ತೆ ಎಂಟು ಸುಲಭದ ಟಿಕೆಟ್‌ಗಳಿಗೆ ಹದಿನೈದೇ ನಿಮಿಷದಲ್ಲಿ ಉತ್ತರ ಹೋಯಿತು. ಜೊತೆಗೆ ಒಬ್ಬರು ಕುಳಿತು ಹಿಂದಿನ ದಿನದ ಮೊದಲ ಜಟಿಲ ಟಿಕೆಟನ್ನು ಬಿಡಿಸಿ, ಮಧ್ಯಾಹ್ನ 3ಕ್ಕೆ ಉತ್ತರಿಸಿದರು. ಆ ಒಂದಕ್ಕೆ ಹಿಡಿದದ್ದು 30 ಗಂಟೆ, ಅಂದರೆ 1800 ನಿಮಿಷ. ಉಳಿದ ಎಂಟರ 120 ನಿಮಿಷ ಕೂಡಿಸಿ ಒಂಬತ್ತರಿಂದ ಭಾಗಿಸಿದರೆ ಸುಮಾರು 213 ನಿಮಿಷ. ಬುಧವಾರದ ಸಂದೇಶದಲ್ಲಿ ಸರಾಸರಿ ಮೂರೂವರೆ ಗಂಟೆ ದಾಟಿತ್ತು. ಕೆಲಸ ತಳ್ಳಿದ ದಿನಕ್ಕೆ ಹೊಗಳಿಕೆ, ಮಾಡಿದ ದಿನಕ್ಕೆ ಛೀಮಾರಿ! ಇಂಥ ಸಂದೇಶವನ್ನು ತಿಂಗಳುಗಟ್ಟಲೆ ಓದಿದ ತಂಡ ಹಳೆಯ ಟಿಕೆಟನ್ನು ಮುಟ್ಟಲು ಹಿಂಜರಿದರೆ ಆಶ್ಚರ್ಯವಿಲ್ಲ.

ಸರಾಸರಿಯ ಬದಲು ಮಧ್ಯಾಂಕವನ್ನು, ಅಂದರೆ ಹೊತ್ತುಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಡುವೆ ನಿಲ್ಲುವ ಅಂಕಿಯನ್ನು, ಕೊಟ್ಟರೆ ಎರಡು ದಿನವೂ 15 ನಿಮಿಷವೇ ಬರುತ್ತದೆ. ಛೀಮಾರಿ ತಪ್ಪುತ್ತದೆ, ಆದರೆ ಕಾಯುತ್ತಿರುವವರು ಅದರಲ್ಲೂ ಕಾಣರು. ಅವರಿಗಾಗಿ ಬೇಕಾದುದು ಇನ್ನೊಂದು ಅಂಕಿ: ಇನ್ನೂ ಉತ್ತರ ಕಾಣದ ಟಿಕೆಟ್‌ಗಳಲ್ಲಿ ಅತಿ ಹಳೆಯದರ ವಯಸ್ಸು. ಆಗ ಬುಧವಾರದ ಸಂದೇಶ ಹೀಗಿರುತ್ತದೆ:

```
ಬಾಕಿ 1 (ನಿನ್ನೆ 2) | ಅತಿ ಹಳೆಯದು 46 ಗಂಟೆ
ಮಧ್ಯಾಂಕ 15 ನಿಮಿಷ (9 ಉತ್ತರ)
```

‘ನಿಮ್ಮ ದೂರು ತಲುಪಿದೆ’ ಎಂದು ಯಂತ್ರವೇ ಕಳಿಸುವ ಮರುನುಡಿಯನ್ನು ಉತ್ತರವೆಂದು ಎಣಿಸಬಾರದು. ಎಣಿಸಿದರೆ ಮಧ್ಯಾಂಕ ಸೊನ್ನೆಗಿಳಿಯುತ್ತದೆ.

ಇನ್ನು ಗಡಿಯಾರದ ಮಾತು. ಅನೇಕ ಸರ್ವರ್‌ಗಳು ಯುಟಿಸಿ ಕಾಲದಲ್ಲಿ ನಡೆಯುತ್ತವೆ. ಅದು ಭಾರತೀಯ ಕಾಲಕ್ಕಿಂತ ಐದೂವರೆ ಗಂಟೆ ಹಿಂದೆ. ಅಂಥಲ್ಲಿ ಸೋಮವಾರದಿಂದ ಶನಿವಾರದವರೆಗೆ ನಮ್ಮ ಒಂಬತ್ತಕ್ಕೆ ಸಂದೇಶ ಬರಬೇಕಾದರೆ ಕ್ರಾನ್ ಸಾಲು ಹೀಗೆ:

```
30 3 * * 1-6 /opt/support/daily.sh
```

‘ನಿನ್ನೆ’ ಎಂಬುದನ್ನೂ ಭಾರತೀಯ ಕಾಲದಲ್ಲೇ ಕತ್ತರಿಸಬೇಕು. ಇಲ್ಲವಾದರೆ ದಿನದ ಗೆರೆ ನಡುರಾತ್ರಿಯ ಬದಲು ಬೆಳಗಿನ ಐದೂವರೆಗೆ ಬಿದ್ದು, ನಸುಕಿನ ದೂರುಗಳು ಹಿಂದಿನ ದಿನಕ್ಕೆ ಸೇರಿಬಿಡುತ್ತವೆ.

ಬಾಕಿ ಸೊನ್ನೆಯಿದ್ದ ದಿನವೂ ಸಂದೇಶ ಹೋಗಲೇಬೇಕು. ಹೋಗದಿದ್ದರೆ, ಚಾನೆಲ್ ಮೌನವಾಗಿರುವುದು ಬಾಕಿಯಿಲ್ಲದ್ದಕ್ಕೋ ಸ್ಕ್ರಿಪ್ಟ್ ನಿಂತದ್ದಕ್ಕೋ ಯಾರಿಗೂ ತಿಳಿಯದು.