ಅಮ್ಮಿಗೆ ಸಿಕ್ಕಿದ ಒಂಬತ್ತು ನಲವತ್ತು

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ನಡೆದ ಪೋಷಕರ ಸಭೆಯ ಸುತ್ತೋಲೆ ಎಲ್ಲರಿಗೂ ನೆನಪಿರಬಹುದು. ಎಲ್ಲ ಪೋಷಕರೂ ಬರಬೇಕು, ಶನಿವಾರ ಬೆಳಿಗ್ಗೆ 9.30ರಿಂದ 1.30ರವರೆಗೆ, ಒಬ್ಬರಿಗೆ ಐದು ನಿಮಿಷ, ಗುರುವಾರ ರಾತ್ರಿ ಎಂಟಕ್ಕೆ ಬರುವ ಲಿಂಕ್‌ನಲ್ಲಿ ಸಮಯ ಕಾಯ್ದಿರಿಸಿಕೊಳ್ಳಿ ಎಂದಿತ್ತು. ಹಿಂದೆಲ್ಲ ಒಂದೇ ಸಲ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ ಮಾತಾಡಿ ಕಳುಹಿಸುತ್ತಿದ್ದರು. 2025ರ ನವೆಂಬರ್ 14ಕ್ಕೆ ಸರ್ಕಾರಿ ಶಾಲೆ, ಪದವಿಪೂರ್ವ ಕಾಲೇಜುಗಳಲ್ಲಿ ಕರೆದ ಮೆಗಾ ಪೋಷಕ–ಶಿಕ್ಷಕರ ಸಭೆಯೂ ಹಾಗೆ ಎಲ್ಲರೂ ಸೇರುವ ಸಭೆಯೇ. ಒಬ್ಬೊಬ್ಬರಿಗೇ ಸಮಯ ಕೊಡುವ ನಮ್ಮ ಪದ್ಧತಿ ಅದಕ್ಕಿಂತ ಒಳ್ಳೆಯದು ಎಂದೇ ನಾನು ನಂಬಿದ್ದೇನೆ. ಆದರೆ ಲೆಕ್ಕ ತಪ್ಪಿದೆ.

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗ. ಹೊಳೆನರಸೀಪುರದ ಆಚೆಯ ಹಳ್ಳಿಯಿಂದ ದಿನಾ ಬರುತ್ತೇನೆ. ಮನೆಯಲ್ಲಿರುವ ಒಂದು ಸ್ಮಾರ್ಟ್‌ಫೋನ್ ಅಣ್ಣನ ಜೊತೆ ಕೆಲಸಕ್ಕೆ ಹೋಗಿರುತ್ತದೆ. ಗುರುವಾರ ರಾತ್ರಿ ಅವನು ಬಂದಾಗ ಒಂಬತ್ತೂವರೆ. ಅಷ್ಟರಲ್ಲಿ ಹಾಸನ ಪೇಟೆಯವರು ಹತ್ತೂವರೆಯ ನಂತರದ ಸಮಯವನ್ನೆಲ್ಲ ತೆಗೆದುಕೊಂಡಿದ್ದರು. ಅಕೌಂಟೆನ್ಸಿ ಸರ್ ಹೆಸರಿನ ಮುಂದೆ ಉಳಿದಿದ್ದು 9.40 ಒಂದೇ. ಅಮ್ಮಿ ನಮ್ಮೂರಿನ ಮೊದಲ ಬಸ್ಸಿಗೆ ಹೊರಟು, ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ, ಸ್ಟ್ಯಾಂಡಿನಿಂದ ನಡೆದು ಬಂದಾಗ 10.25. ಹೆಸರು ಕರೆದು ಮುಗಿದಿತ್ತು. 'ಕೊನೆಗೆ ನೋಡೋಣ, ಕೂತಿರಿ ಅಮ್ಮಾ' ಎಂದರು. ಕೊನೆ ಎಂದರೆ 1.20.

ಆಗ ಸಿಕ್ಕಿದ್ದು ಎರಡು ನಿಮಿಷ. ಸರ್ ಹೇಳಿದ್ದು ಒಂದೇ ಮಾತು, 'ಹಾಜರಾತಿ ಕಡಿಮೆ ಇದೆ.' ನಿಜ. ನಡೆದ 50 ತರಗತಿಗಳಲ್ಲಿ ನಾನು ಕೂತಿದ್ದು 34, ಅಂದರೆ ಶೇ. 68. ಪರೀಕ್ಷೆಗೆ ಕೂರಲು 75 ಬೇಕು. ಅದನ್ನು ಮುಟ್ಟಲು ಇನ್ನು 14 ತರಗತಿ ಒಂದೂ ಬಿಡದೆ ಕೂರಬೇಕು. ಆದರೆ ಅಕೌಂಟೆನ್ಸಿ ವಾರದಲ್ಲಿ ಎರಡು ದಿನ ಕೊನೆಯ ಅವಧಿ, ಅದು ಮುಗಿಯುವುದಕ್ಕೆ ಮೊದಲೇ ನಮ್ಮೂರ ಕಡೆಯ ಬಸ್ಸು ಹೊರಡುತ್ತದೆ. ಇದು ಸರ್‌ಗೆ ಗೊತ್ತಿರಲಿಲ್ಲ. ಹಾಜರಾತಿ ವಿಷಯ ಅಮ್ಮಿಗೆ ಗೊತ್ತಿರಲಿಲ್ಲ. (ನಾನು ಇಬ್ಬರಿಗೂ ಹೇಳಿರಲಿಲ್ಲ, ಅದು ನನ್ನ ತಪ್ಪು.) ಐದು ನಿಮಿಷ ಪೂರ್ತಿ ಸಿಕ್ಕಿದ್ದರೆ ಬಸ್ಸಿನ ಮಾತು ಬರುತ್ತಿತ್ತು. ಬಾಗಿಲಲ್ಲಿ ಇನ್ನೂ ಎಂಟು ಜನ ನಿಂತಿದ್ದಾಗ ಬರಲಿಲ್ಲ. ಅಮ್ಮಿ ದಾರಿಯುದ್ದಕ್ಕೂ ನಾನು ಕ್ಲಾಸು ತಪ್ಪಿಸಿ ಎಲ್ಲಿ ತಿರುಗುತ್ತೇನೆ ಎಂದು ಕೇಳುತ್ತಿದ್ದರು.

ಸರ್‌ರನ್ನು ದೂರುವಂತಿಲ್ಲ. ಅವರಿಗೆ ಎರಡು ವಿಭಾಗ, 120 ಮಕ್ಕಳು. ತಲಾ ಐದು ನಿಮಿಷವೆಂದರೆ ಹತ್ತು ಗಂಟೆ. ನಾಲ್ಕು ಗಂಟೆಯಲ್ಲಿ ಇರುವುದೇ 48 ಸಲದ ಜಾಗ. ಎಲ್ಲರನ್ನೂ ಕರೆದು 48 ಜನಕ್ಕೆ ಜಾಗ ಇಟ್ಟರೆ ಮಿಕ್ಕವರು ಬಾಗಿಲಲ್ಲೇ ನಿಲ್ಲುತ್ತಾರೆ. ಆದ್ದರಿಂದ ಎಲ್ಲ ಪೋಷಕರೂ ಮೊದಲು ತರಗತಿಯ ಮಾರ್ಗದರ್ಶಕ ಉಪನ್ಯಾಸಕರನ್ನು ಕಾಣಲಿ. ಆರೂ ವಿಷಯದ ಅಂಕ, ಹಾಜರಾತಿ ಒಂದೇ ಹಾಳೆಯಲ್ಲಿ ಅವರ ಬಳಿ ಇರಲಿ. ವಿಷಯದ ಉಪನ್ಯಾಸಕರ ಸಮಯ ಅಗತ್ಯವಿದ್ದವರಿಗೆ ಮಾತ್ರ, ಹೆಚ್ಚೆಂದರೆ ಎರಡು ವಿಷಯಕ್ಕೆ.

ಸಮಯವನ್ನು ದಾರಿ ನೋಡಿ ಹಂಚಬೇಕು. ಹನ್ನೊಂದರವರೆಗೆ ಹಾಸನದವರು. ಆಮೇಲೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು. ಚನ್ನರಾಯಪಟ್ಟಣ, ಹೊಳೆನರಸೀಪುರಕ್ಕೆ ರೈಲಾದರೂ ಉಂಟು, ಅರಕಲಗೂಡಿಗೆ ಬಸ್ಸೇ ಗತಿ. ಹೊಗೆಸೊಪ್ಪು ಬೆಳೆಯುವ ಮನೆಗಳಿಗೆ ರಾಮನಾಥಪುರದ ಹರಾಜು ಇರುವ ದಿನ ಬೇರೆ ಕಡೆ ಹೋಗಲು ಆಗುವುದಿಲ್ಲ, ದಿನ ಗೊತ್ತುಮಾಡುವ ಮುಂಚೆ ಆ ಮಕ್ಕಳನ್ನು ಒಂದು ಮಾತು ಕೇಳಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಭೆಗೆ ಅಮ್ಮಂದಿರೇ ಹೆಚ್ಚು ಬರುತ್ತಿದ್ದಾರೆ ಎಂದು ನನಗನ್ನಿಸುತ್ತದೆ. ಅವರು ಸರ್ಕಾರಿ ಬಸ್ಸಿಗೇ ಕಾಯುತ್ತಾರೆ, ಹತ್ತಿಪ್ಪತ್ತು ನಿಮಿಷ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಅದಕ್ಕೆ ಗಂಟೆಗೊಂದು ಜಾಗ ಖಾಲಿ ಬಿಡಬೇಕು. ತಡವಾಗಿ ಬಂದವರು ಆ ಖಾಲಿ ಜಾಗಕ್ಕೆ ಹೋಗಲಿ, ಸಾಲಿನ ಕೊನೆಗಲ್ಲ. ನಾಲ್ಕು ಗಂಟೆಗೆ ನಾಲ್ಕು ಜಾಗ ಕಳೆದರೂ 44 ಉಳಿಯುತ್ತವೆ.

ಇನ್ನು ಲಿಂಕ್. ಅದು ಇರಲಿ, ಜೊತೆಗೆ ಒಂದು ಚೀಟಿಯೂ ಇರಲಿ. ಸೋಮವಾರ ತರಗತಿಯಲ್ಲಿ ಕೊಟ್ಟು, ಬೇಕಾದ ಹೊತ್ತನ್ನು ಮನೆಯಲ್ಲಿ ಬರೆಸಿಕೊಂಡು ಬುಧವಾರ ಆಫೀಸಿಗೆ ಮರಳಿಸುವುದು. ಒಂದು ಎಚ್ಚರ ಬೇಕು: ಚೀಟಿಗೊಂದು ಪಟ್ಟಿ, ಲಿಂಕ್‌ಗೊಂದು ಪಟ್ಟಿ ಆದರೆ ಒಂದೇ ಹೊತ್ತಿಗೆ ಇಬ್ಬರು ಬಂದು ನಿಲ್ಲುತ್ತಾರೆ. ಚೀಟಿಯವರ ಸಮಯವನ್ನು ಮೊದಲು ಅದೇ ಪಟ್ಟಿಗೆ ತುಂಬಿ, ಆಮೇಲೆ ಲಿಂಕ್ ತೆರೆಯಬೇಕು.

ಸೋಮವಾರ ನಾನೇ ಸರ್ ಬಳಿ ಹೋಗಿ ಬಸ್ಸಿನ ವಿಷಯ ಹೇಳಿದೆ. ಆ ಎರಡು ದಿನದ ಅವಧಿ ಬೇರೆಯವರ ಜೊತೆ ಅದಲುಬದಲು ಮಾಡಲಾಗುತ್ತದಾ ನೋಡುತ್ತೇನೆ ಎಂದಿದ್ದಾರೆ. ಮುಂದಿನ ಸಭೆಗೆ ಚೀಟಿ ಕೊಟ್ಟರೆ ಅಮ್ಮಿ ಬರೆಸುವುದು 11.20. ಅಷ್ಟು ಹೊತ್ತಿಗೆ ಬಸ್ಸು ಬಂದಿರುತ್ತದೆ.