ಬಂದವರ ಮುಂದೆ ಬಾಯಿ ಬಿಡದ ಮಗು

ಹೈದರಾಬಾದಿನ ದಿಲ್‌ಸುಖ್‌ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾಯಚೂರು ಕಡೆಯ ಒಂದು ಸಂಸಾರವಿದೆ. ಆ ಮನೆಯ ಆರು ವರ್ಷದ ಹುಡುಗಿ ಒಳಗೆ ಅರಳು ಹುರಿದಂತೆ ಮಾತಾಡುತ್ತಾಳೆ, ಬೆಲ್ ಆದರೆ ಅಮ್ಮನ ಹಿಂದೆ ಅಡಗುತ್ತಾಳೆ. ಬಂದವರು ‘ಏನವ್ವಾ, ಮೂಗಿ ಏನು ನೀನು?’ ಎಂದು ನಗುತ್ತಾರೆ. ಇದಾದ ಮೇಲೆ ತಾತ ಮತ್ತು ಸೊಸೆಯ ನಡುವೆ ವಾದ.

ತಾತನದು ‘ಈಗ ಕಲಿಸದಿದ್ದರೆ ಇನ್ಯಾವಾಗ?’ ಅವರ ಮಾತಿನಲ್ಲಿ ಹುರುಳಿದೆ. ಮಗು ಅಡಗಿದಾಗಲೆಲ್ಲ ಅಮ್ಮನೇ ಉತ್ತರ ಕೊಟ್ಟರೆ ಮಗುವಿಗೆ ಹಾಯೆನಿಸುತ್ತದೆ. ಆ ಹಾಯೇ ಮುಂದಿನ ಸಲ ಅಡಗುವುದನ್ನು ಇನ್ನಷ್ಟು ಸುಲಭ ಮಾಡುತ್ತದೆ. ಅಮ್ಮನದು ‘ಅವಳ ಸ್ವಭಾವವೇ ಹಾಗೆ, ಬಿಡಿ.’ ಅದೂ ಸುಳ್ಳಲ್ಲ. ಹಾರ್ವರ್ಡ್‌ನ ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳಲ್ಲೇ ಹೊಸದಕ್ಕೆ ಬೆಚ್ಚುವ ಗುಣವನ್ನು ಗುರುತಿಸಿದ್ದರು. ಜೊತೆಗೆ ಇಲ್ಲಿಯ ಮಗುವಿಗೆ ಮನೆಯಲ್ಲಿ ಕನ್ನಡ, ಮೆಟ್ಟಿಲ ಮೇಲೆ ತೆಲುಗು, ಅಂಗಡಿಯಲ್ಲಿ ದಖ್ಖನಿ, ಶಾಲೆಯಲ್ಲಿ ಇಂಗ್ಲಿಷ್. ಹೊಸ ಭಾಷೆ ಕೇಳಿಸಿಕೊಳ್ಳುತ್ತಾ ಕೆಲವು ಮಕ್ಕಳು ತಿಂಗಳುಗಟ್ಟಲೆ ಸುಮ್ಮನಿರುವುದುಂಟು.

ನನಗನಿಸುವುದು, ಇಬ್ಬರೂ ಎರಡು ಕೆಲಸಗಳನ್ನು ಒಂದೇ ಗಂಟಿಗೆ ಕಟ್ಟಿದ್ದಾರೆ. ನಮಸ್ಕಾರಕ್ಕೆ ಬಾಯಿ ಬೇಕಿಲ್ಲ. ಅಮ್ಮ ಕೈ ಮುಗಿದಾಗ ಪಕ್ಕದಲ್ಲಿ ಮಗುವೂ ಮುಗಿಯಲಿ. ಅಷ್ಟನ್ನು ಕೇಳಬಹುದು, ಅಲ್ಲಿ ನಾನು ತಾತನ ಕಡೆ. ‘ಎಷ್ಟು ಮಾರ್ಕ್ಸ್ ಬಂತು, ಒಂದು ರೈಮ್ ಹೇಳು’ ಎನ್ನುವುದು ಪರೀಕ್ಷೆ. ಅದು ಯಾರಿಗೂ ಸಲ್ಲಬೇಕಾದ ಬಾಕಿಯಲ್ಲ, ಅಲ್ಲಿ ಅಮ್ಮನ ಕಡೆ.

ಉತ್ತರ ಹೇಳುವುದನ್ನು ಕಲಿಸಬಹುದು, ಆದರೆ ಬಾಗಿಲಲ್ಲಲ್ಲ. ಯಾರು ಬರುತ್ತಾರೆ, ಏನು ಕೇಳಬಹುದು ಎಂದು ಮೊದಲೇ ಹೇಳಿ, ಮನೆಯಲ್ಲೇ ಆಟದಂತೆ ಒಮ್ಮೆ ಆಡಿಸಬೇಕು. ಬಂದವರು ಕೂತು, ಮಗು ತನ್ನ ಆಟಕ್ಕೆ ಮರಳಿದ ಮೇಲೆ ಪ್ರಶ್ನೆ. ‘ಊಟ ಆಯ್ತಾ?’ ಎಂದರೆ ತಲೆಯಾಡಿಸಿ ಮುಗಿಸುತ್ತದೆ, ‘ಸ್ಕೂಲ್ ಹೇಗಿದೆ?’ ಎಂದರೆ ಎಲ್ಲಿಂದ ಶುರುಮಾಡಬೇಕೋ ತಿಳಿಯದು. ‘ಬೆಳಿಗ್ಗೆ ಇಡ್ಲಿ ತಿಂದೆಯೋ ದೋಸೆ ತಿಂದೆಯೋ?’ ಎಂದರೆ ಉತ್ತರ ಪ್ರಶ್ನೆಯಲ್ಲೇ ಇದೆ. ಆಮೇಲೆ ಮನಸ್ಸಿನಲ್ಲೇ ಐದು ಎಣಿಸಬೇಕು. ದೊಡ್ಡವರಿಗೆ ಇದೇ ಕಷ್ಟ. ಎರಡು ಎಣಿಸುವಷ್ಟರಲ್ಲಿ ಮತ್ತೆ ಕೇಳುತ್ತಾರೆ, ಇಲ್ಲವೇ ಅಮ್ಮನೇ ಹೇಳಿಬಿಡುತ್ತಾಳೆ. ಉತ್ತರ ಬರದಿದ್ದರೆ ಅದನ್ನೇ ಇನ್ನೊಮ್ಮೆ ಕೇಳಿ, ಮತ್ತೆ ಕಾದು, ಮಾತು ಬದಲಿಸುವುದು. ‘ದೋಸೆ’ ಎಂದು ಪಿಸುಗುಟ್ಟಿದರೆ ‘ಓ, ದೋಸೆನಾ’ ಎಂದರೆ ಸಾಕು. ‘ಅಬ್ಬಾ, ಮಾತಾಡಿದ್ಲು!’ ಎಂದು ಚಪ್ಪಾಳೆ ತಟ್ಟಿದರೆ ಮತ್ತೆ ಸೆರಗಿನ ಹಿಂದೆಯೇ.

ಮಗುವಿನ ಎದುರೇ ‘ಇವಳಿಗೆ ಬಹಳ ನಾಚಿಕೆ’ ಎಂದು ಕ್ಷಮೆ ಕೇಳುವ ಬದಲು ‘ಸ್ವಲ್ಪ ಹೊತ್ತಾದ ಮೇಲೆ ಮಾತಾಡ್ತಾಳೆ’ ಎನ್ನಬಹುದು. ಹೀಗೆ ಮಾಡಿದರೂ ಊರಿಂದ ಬಂದ ಹಿರಿಯರೊಬ್ಬರು ಬೇಸರಪಟ್ಟುಕೊಳ್ಳಬಹುದು. ಆ ಬೇಸರವನ್ನು ದೊಡ್ಡವರು ಹೊರಬೇಕು.

ಭಾಷೆ ಬಂದರೂ, ಶಾಲೆ ಶುರುವಾದ ಮೊದಲ ತಿಂಗಳು ಕಳೆದರೂ, ಬಾತ್‌ರೂಮಿಗೆ ಹೋಗಬೇಕೆಂದು ಟೀಚರನ್ನು ಕೇಳಲೂ ಆಗದಿದ್ದರೆ ಅದು ಬರೀ ನಾಚಿಕೆಯಲ್ಲ, ಸೆಲೆಕ್ಟಿವ್ ಮ್ಯೂಟಿಸಂ ಇರಬಹುದು. ಆಗ ಮಕ್ಕಳ ಮನೋತಜ್ಞರನ್ನು ಕಾಣುವುದೇ ಸರಿ.