“ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ” ಅನ್ನೋದು ಚೌಕಾಸಿ ಅಲ್ಲ

1/6
ಮನೆಗೆ ಪೇಂಟ್ ಮಾಡಿಸೋವಾಗ ನಮ್ಮ ದೊಡ್ಡವರ ಹತ್ರ ಇರೋದು ಎರಡೇ ಡೈಲಾಗ್. ಒಂದು, “ಈ ಕಂಟ್ರಾಕ್ಟರ್‌ಗಳೆಲ್ಲ ಕಳ್ಳರು.” ಇನ್ನೊಂದು, “ನಮಗೆ ಗೊತ್ತಿರೋರು, ಲೆಕ್ಕ ಕೇಳೋದು ಚೆನ್ನಾಗಿರಲ್ಲ.” ಎರಡೂ ತಪ್ಪು, ಯಾಕಂದ್ರೆ ಎರಡರಲ್ಲೂ ಯಾರೂ ಲೆಕ್ಕ ಹಾಕಿಲ್ಲ. ಯಾವ ಕೊಟೇಶನ್ ಆದ್ರೂ ಅದರೊಳಗೆ ಇರೋದು ಮೂರೇ: ಸಾಮಾನು, ಕೂಲಿ, ಲಾಭ. ಮೂರನ್ನೂ ಬಿಡಿಸಿ ನೋಡದೆ “ಜಾಸ್ತಿ ಆಯ್ತು” ಅನ್ನೋಕೆ ನಿಮಗೆ ಹಕ್ಕಿಲ್ಲ. “ಸರಿಯಾಗಿದೆ” ಅನ್ನೋಕೂ ಇಲ್ಲ.

2/6
ಒಂದು ರೂಮ್ ತಗೊಳ್ಳಿ. 10 ಅಡಿ, 12 ಅಡಿ, ಎತ್ತರ 10. ಎರಡು ಕೋಟ್ ಪುಟ್ಟಿ, ಒಂದು ಪ್ರೈಮರ್, ಎರಡು ಕೋಟ್ ಎಮಲ್ಷನ್. ಕಂಟ್ರಾಕ್ಟರ್ ಹೇಳಿದ್ದು “ಎಲ್ಲಾ ಸೇರಿ 18,000”.
ಮೊದಲು ಟೇಪ್ ಹಿಡೀರಿ. ನಾಲ್ಕು ಗೋಡೆ 440 ಚದರಡಿ. ಒಂದು ಬಾಗಿಲು, ಒಂದು ಕಿಟಕಿ ಕಳೆದ್ರೆ ಸುಮಾರು 400. ಸೀಲಿಂಗ್ 120. ಒಟ್ಟು 520. ಬಾಗಿಲು ಕಿಟಕಿ ಕಳೆದಿದ್ದಾರಾ ಅಂತ ಕೇಳಿ, ಎಷ್ಟೋ ಸಲ ಕಳೆದಿರಲ್ಲ.

3/6
ಸಾಮಾನು. ಒಂದು ಲೀಟರ್ ಎಷ್ಟು ಜಾಗಕ್ಕೆ ಬರುತ್ತೆ ಅನ್ನೋದು ಡಬ್ಬದ ಮೇಲೋ ಕಂಪನಿಯ ಮಾಹಿತಿ ಹಾಳೆಯಲ್ಲೋ ಸಿಗುತ್ತೆ. ಎಮಲ್ಷನ್ ಒಂದು ಕೋಟ್‌ಗೆ ಲೀಟರ್‌ಗೆ 130 ಚದರಡಿ ಅಂತ ಹಿಡಿದ್ರೆ, ಎರಡು ಕೋಟ್‌ಗೆ 8 ಲೀಟರ್. ಲೀಟರ್‌ಗೆ 300 ರೂಪಾಯಿಯ ಪೇಂಟ್ ಆದ್ರೆ 2,400. ಪ್ರೈಮರ್ 5 ಲೀಟರ್, 700. ಪುಟ್ಟಿ ಸುಮಾರು 50 ಕೆಜಿ, 1,250. ಉಜ್ಜೋ ಪೇಪರ್, ಟೇಪ್, ಬ್ರಷ್‌ಗೆ 400. ಒಟ್ಟು 4,750.
ರೇಟ್ ಊರಿಂದ ಊರಿಗೆ ಬೇರೆ, ನಿಮ್ಮ ಅಂಗಡಿಯಲ್ಲೇ ಕೇಳಿ. ಲೀಟರ್ ಲೆಕ್ಕ ಮಾತ್ರ ಊರು ಬದಲಾದ್ರೆ ಬದಲಾಗಲ್ಲ.

4/6
ಕೂಲಿ. ಪುಟ್ಟಿ ಒಣಗಬೇಕು, ಉಜ್ಜಬೇಕು, ಮತ್ತೆ ಹಚ್ಚಬೇಕು. ಒಬ್ಬ ಪೇಂಟರ್, ಒಬ್ಬ ಹೆಲ್ಪರ್, ನಾಲ್ಕು ದಿನ. ದಿನಕ್ಕೆ 1,000 ಮತ್ತು 750 ಅಂದ್ರೆ 7,000. ಸಾಮಾನಿನ ಜೊತೆ ಸೇರಿಸಿದ್ರೆ ಖರ್ಚು 11,750.
ಇನ್ನು ಲಾಭ. ಅದು ಕಳ್ಳತನ ಅಲ್ಲ. ಏಣಿ, ಗಾಡಿ ಬಾಡಿಗೆ, ಕೆಲಸ ಇಲ್ಲದ ದಿನ, ಆರು ತಿಂಗಳಿಗೆ ಪೇಂಟ್ ಕಿತ್ತು ಬಂದ್ರೆ ವಾಪಸ್ ಬರೋದು, ಎಲ್ಲ ಅದರಲ್ಲೇ. ಖರ್ಚಿನ ಮೇಲೆ 20% ಕೊಟ್ರೂ 14,100 ಆಗುತ್ತೆ. 18,000 ಅಂದ್ರೆ ಲಾಭ 6,250, ಖರ್ಚಿನ 53%. ಅವರು ಅದನ್ನೇ “35% ಅಷ್ಟೇ” ಅನ್ನಬಹುದು, ಅದು ಮಾರಾಟ ಬೆಲೆಯ ಮೇಲಿನ ಲೆಕ್ಕ. ಬಿಕಾಂನವರೇ, ಶೇಕಡಾ ಕೇಳಿದ ತಕ್ಷಣ “ಯಾವುದರ ಮೇಲೆ?” ಅನ್ನೋದನ್ನ ಪರೀಕ್ಷೆಗೆ ಮಾತ್ರ ಇಟ್ಕೋಬೇಡಿ. ಅಂಗಡಿಯವರು ಪೇಂಟರ್‌ಗೆ ಕೊಡೋ ಡಿಸ್ಕೌಂಟ್ ಇದ್ರೆ, ಅದೂ ಇದರ ಮೇಲಿನ ಲಾಭವೇ.

5/6
ಈಗ ಚೌಕಾಸಿ ಮಾಡಿ 16,000ಕ್ಕೆ ಇಳಿಸಿದ್ರಿ ಅಂದ್ಕೊಳ್ಳಿ. ಮನೆಯಲ್ಲಿ ಎಲ್ಲರಿಗೂ ಖುಷಿ. ಆದ್ರೆ ಅಲ್ಲಿ ಇನ್ನೂ 4,250 ಲಾಭ ಇದೆ. ನೀವು ಗೆದ್ದಿದ್ದು ಅವರು ಮೊದಲೇ ಬಿಟ್ಟುಕೊಡೋಕೆ ಇಟ್ಟಿದ್ದ ದುಡ್ಡು.
ಅಷ್ಟರಲ್ಲಿ ಇನ್ನೊಬ್ಬರು 10,000ಕ್ಕೆ ಮಾಡಿಕೊಡ್ತೀನಿ ಅಂತಾರೆ. ಇವರೇ ಅಪಾಯ. ಖರ್ಚಿಗಿಂತ 1,750 ಕಮ್ಮಿ, ಅಂದ್ರೆ ಸರಿಯಾಗಿ ಇಬ್ಬರ ಒಂದು ದಿನದ ಕೂಲಿ. ಆ ದಿನ ಎಲ್ಲಿ ಹೋಯ್ತು? ಎರಡನೇ ಕೋಟ್ ಪುಟ್ಟಿ ಇರಲ್ಲ, ಇಲ್ಲಾಂದ್ರೆ ಹೆಲ್ಪರ್ ಹುಡುಗನ ಕೂಲಿ ಕಟ್ ಆಗುತ್ತೆ. ಅವರಿಗೂ ಲಾಭ ಬೇಕಲ್ವಾ, ಅದು ಪೇಂಟ್‌ಗೆ ಜಾಸ್ತಿ ನೀರು ಬೆರೆಸಿದಾಗ ಬರುತ್ತೆ. ಲೆಕ್ಕ ನೋಡದೆ ಹಿಂಡಿದ್ರೆ ಕಂಟ್ರಾಕ್ಟರ್ ಲಾಭ ಕರಗಲ್ಲ, ಕೆಳಗೆ ನಿಂತವನ ಕೂಲಿ ಕರಗುತ್ತೆ. ಇದನ್ನ ಜಾಣತನ ಅಂತ ಕರೆಯೋದನ್ನ ನಿಲ್ಲಿಸಿ.

6/6
“ಎಷ್ಟು ಕಮ್ಮಿ ಮಾಡ್ತೀರಿ” ಅಂತ ಕೇಳಬೇಡಿ. “ಅಣ್ಣಾ, ಯಾವ ಪೇಂಟು, ಎಷ್ಟು ಲೀಟರ್, ಎಷ್ಟು ಜನ, ಎಷ್ಟು ದಿನ? ಬರೆದುಕೊಡಿ” ಅಂತ ಕೇಳಿ. ಉತ್ತರ ನಿಮ್ಮ ಲೆಕ್ಕಕ್ಕಿಂತ ಜಾಸ್ತಿ ಬಂದ್ರೆ ಜಗಳಕ್ಕೆ ಹೋಗೋ ಮುಂಚೆ ಕಾರಣ ಕೇಳಿ. ಗೋಡೆ ತೇವ ಹಿಡಿದಿರಬಹುದು, ಹಳೇ ಡಿಸ್ಟೆಂಪರ್ ಕೆರೆದು ತೆಗೀಬೇಕಿರಬಹುದು, ಕಡು ಬಣ್ಣದ ಮೇಲೆ ತಿಳಿ ಬಣ್ಣಕ್ಕೆ ಇನ್ನೊಂದು ಕೋಟ್ ಬೇಕಿರಬಹುದು. ಇವೆಲ್ಲ ನಿಜವಾದ ಖರ್ಚೇ. ಕಾರಣ ಇದ್ರೆ ಗೋಡೆ ತೋರಿಸಿ ಹೇಳ್ತಾರೆ.
ಡಬ್ಬ ನಿಮ್ಮ ಎದುರೇ ತೆಗೆಯಲಿ. ಕೆಲಸ ಮುಗಿದ ಮೇಲೆ ಖಾಲಿ ಡಬ್ಬ ಎಣಿಸಿ. 8 ಲೀಟರ್ ಬರೆದು 4 ಲೀಟರ್‌ನ ಒಂದೇ ಡಬ್ಬ ಉಳಿದಿದ್ರೆ, ಕೊನೆಯ ಕಂತು ಕೊಡೋ ಮುಂಚೆ ಕೂತು ಮಾತಾಡಿ.